ಲಾಭ ಏರಿದರೂ ಷೇರು ಬೀಳುವುದೇಕೆ? ಹೊಸ ಹೂಡಿಕೆದಾರರ ಪ್ರಶ್ನೆಗಳಿಗೆ ಉತ್ತರ

ಡಿಮ್ಯಾಟ್ ಖಾತೆ ತೆರೆದು ಮೊದಲ ಷೇರು ಕೊಂಡವರಿಗೆ ಬಹುಬೇಗ ಎದುರಾಗುವ ಗೊಂದಲವಿದು. ಕಂಪನಿ ಒಳ್ಳೆಯ ಫಲಿತಾಂಶ ಕೊಟ್ಟಿದೆ ಎಂದು ಸಂಜೆ ಟಿ.ವಿ.ಯಲ್ಲಿ ಬರುತ್ತದೆ, ಮರುದಿನ ಬೆಳಿಗ್ಗೆ ಅದೇ ಷೇರು ನೆಲ ಕಚ್ಚುತ್ತದೆ. ಇದನ್ನು ಮಾರುಕಟ್ಟೆಯ ಹುಚ್ಚಾಟವೆಂದೋ ದೊಡ್ಡವರ ಕೈವಾಡವೆಂದೋ ತಿಳಿದು ಗಾಬರಿಯಲ್ಲಿ ಮಾರುವವರನ್ನು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಹೆಚ್ಚಿನ ಸಲ ಕುಸಿತದ ಕಾರಣ ಆ ಫಲಿತಾಂಶದ ಕಾಗದಗಳಲ್ಲೇ ಇರುತ್ತದೆ. ಇಲ್ಲಿನ ಉತ್ತರಗಳೆಲ್ಲ ಒಂದೇ ನಿಜ ಪ್ರಸಂಗದ ಸುತ್ತ ಇವೆ: 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಇನ್ಫೊಸಿಸ್ ಷೇರಿಗೆ ಆದದ್ದು. ಆ ಷೇರನ್ನು ಕೊಳ್ಳಿ ಅಥವಾ ಮಾರಿ ಎಂಬ ಸಲಹೆ ಇದಲ್ಲ.

ಅಂದು ನಡೆದದ್ದೇನು?

2023ರ ಏಪ್ರಿಲ್ 13, ಗುರುವಾರ. ದಿನದ ವಹಿವಾಟು ಮುಗಿದ ಮೇಲೆ ಇನ್ಫೊಸಿಸ್ ಜನವರಿ–ಮಾರ್ಚ್ ತ್ರೈಮಾಸಿಕದ ಲೆಕ್ಕ ಪ್ರಕಟಿಸಿತು. ಆದಾಯ 37,441 ಕೋಟಿ ರೂಪಾಯಿ, ಅಂದರೆ ಹಿಂದಿನ ವರ್ಷದ ಇದೇ ಅವಧಿಗಿಂತ ಶೇ 16 ಹೆಚ್ಚು. ನಿವ್ವಳ ಲಾಭ 6,128 ಕೋಟಿ ರೂಪಾಯಿ, ಶೇ 7.8 ಏರಿಕೆ. ಜೊತೆಗೆ ಷೇರೊಂದಕ್ಕೆ 17.50 ರೂಪಾಯಿಯ ಅಂತಿಮ ಲಾಭಾಂಶ. ಸಾಲವಿಲ್ಲ, ನಷ್ಟವಿಲ್ಲ, ಲೆಕ್ಕದಲ್ಲಿ ಮೋಸವಿಲ್ಲ.

ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ, ಏಪ್ರಿಲ್ 17ರಂದು ಬಾಗಿಲು ತೆರೆದೊಡನೆ ಷೇರು ಪಾತಾಳಕ್ಕಿಳಿಯಿತು. ದಿನದ ಕೊನೆಗೆ 1,389 ರೂಪಾಯಿಯ ಆಸುಪಾಸಿನಿಂದ 1,258ರ ಆಸುಪಾಸಿಗೆ ಬಂದು ನಿಂತಿತ್ತು. ಒಂದೇ ದಿನದಲ್ಲಿ ಶೇ 9ಕ್ಕೂ ಹೆಚ್ಚು.

ಲಾಭ ಶೇ 7.8ರಷ್ಟು ಏರಿದ್ದು ನಿಜ ತಾನೇ? ಮತ್ತೆ ಬಿದ್ದದ್ದು ಏಕೆ?

ನಿಜ. ಆದರೆ ಷೇರಿನ ಬೆಲೆ ಕಳೆದ ಮೂರು ತಿಂಗಳ ಲಾಭಕ್ಕೆ ಕೊಡುವ ಹಣವಲ್ಲ, ಮುಂದಿನ ಹಲವು ವರ್ಷಗಳ ಲಾಭದ ಅಂದಾಜಿಗೆ ಇಂದೇ ಕೊಡುವ ಹಣ. ಮಲೆನಾಡಿನಲ್ಲಿ ಅಡಿಕೆ ತೋಟದ ಚೇಣಿ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊನೆ ಇನ್ನೂ ಮರದಲ್ಲಿರುವಾಗಲೇ ಇಷ್ಟು ಕ್ವಿಂಟಾಲ್ ಬರಬಹುದೆಂದು ಎಣಿಸಿ ದರ ಮಾತಾಡಿರುತ್ತಾರೆ. ನೂರು ಕ್ವಿಂಟಾಲ್ ಎಂದು ಹಣ ಕೊಟ್ಟವರಿಗೆ ತೊಂಬತ್ತು ಬಂದರೆ, ಅದು ಹೋದ ವರ್ಷದ ಎಂಬತ್ತಕ್ಕಿಂತ ಒಳ್ಳೆಯ ಫಸಲೇ ಆಗಿದ್ದರೂ, ಅವರ ಕೈ ಸುಡುತ್ತದೆ.

ಇನ್ಫೊಸಿಸ್‌ನಲ್ಲೂ ಹಾಗೆಯೇ ಆಯಿತು. ಷೇರು ಪೇಟೆಯ ವಿಶ್ಲೇಷಕರು ಎಣಿಸಿಟ್ಟಿದ್ದ ತ್ರೈಮಾಸಿಕ ಲಾಭ ಸರಾಸರಿ 6,500 ಕೋಟಿ ರೂಪಾಯಿಗೂ ಮೇಲಿತ್ತು. ಬಂದದ್ದು 6,128 ಕೋಟಿ. ಹಾಗಾಗಿ ಶೇ 7.8ರ ಏರಿಕೆ ಎಂಬ ಸುದ್ದಿ ಹಳೆಯ ಹೂಡಿಕೆದಾರರ ಕಣ್ಣಿಗೆ ಕೊರತೆಯಾಗಿ ಕಂಡಿತು.

ಆ ಶೇ 16 ಮತ್ತು ಶೇ 7.8ರ ಅಂಕಿಗಳು ನಮ್ಮ ದಾರಿ ತಪ್ಪಿಸಿದವೇ?

ಅವು ಸುಳ್ಳಲ್ಲ, ಆದರೆ ಅರ್ಧ ಕತೆ. ಪತ್ರಿಕೆಯ ಶೀರ್ಷಿಕೆಗೆ ಏರುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಇದೇ ತ್ರೈಮಾಸಿಕದೊಂದಿಗಿನ ಹೋಲಿಕೆ. ಹಬ್ಬ, ಮಳೆಗಾಲ, ರಜೆಗಳ ಏರುಪೇರು ಅದರಲ್ಲಿ ಕಳೆದುಹೋಗುವುದರಿಂದ ಆ ಹೋಲಿಕೆಗೆ ಅದರದೇ ಉಪಯೋಗವಿದೆ. ಗಾಳಿ ಈಚೆಗೆ ಯಾವ ಕಡೆ ತಿರುಗಿದೆ ಎಂಬುದು ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಹಿಂದಿನ ಮೂರು ತಿಂಗಳೊಂದಿಗೆ ಹೋಲಿಸಬೇಕು. ಅಕ್ಟೋಬರ್–ಡಿಸೆಂಬರ್ 2022ರಲ್ಲಿ ಇನ್ಫೊಸಿಸ್‌ನ ಆದಾಯ 38,318 ಕೋಟಿ, ಲಾಭ 6,586 ಕೋಟಿ ರೂಪಾಯಿ ಇತ್ತು. ಅಲ್ಲಿಂದ ನೋಡಿದರೆ ಆದಾಯವೂ ಇಳಿದಿದೆ, ಲಾಭ ಶೇ 7ರಷ್ಟು ಇಳಿದಿದೆ. ವರ್ಷದ ಹೋಲಿಕೆಯಲ್ಲಿ ಬೆಳವಣಿಗೆ, ಮೂರು ತಿಂಗಳ ಹೋಲಿಕೆಯಲ್ಲಿ ಇಳಿಕೆ. ಎರಡೂ ಸತ್ಯ.

ಇನ್ನೊಂದು ಸಂಗತಿ ರೂಪಾಯಿಯದು. ಇನ್ಫೊಸಿಸ್ ತನ್ನ ಆದಾಯದ ಬಹುಪಾಲನ್ನು ಡಾಲರ್, ಯೂರೊ ಮುಂತಾದ ಹೊರಗಿನ ಹಣದಲ್ಲಿ ಗಳಿಸಿ ಲೆಕ್ಕವನ್ನು ರೂಪಾಯಿಯಲ್ಲೂ ತೋರಿಸುತ್ತದೆ. ಆ ಒಂದು ವರ್ಷದಲ್ಲಿ ಡಾಲರಿನ ಎದುರು ರೂಪಾಯಿ ಸಾಕಷ್ಟು ಬಿದ್ದಿತ್ತು. ಅಷ್ಟೇ ಡಾಲರ್ ಬಂದರೂ ರೂಪಾಯಿಯಲ್ಲಿ ಹೆಚ್ಚಾಗಿ ಕಾಣುತ್ತದೆ. ಈ ಏರುಪೇರನ್ನು ತೆಗೆದುಹಾಕಿ, ವಿನಿಮಯ ದರ ಬದಲಾಗಲೇ ಇಲ್ಲ ಎಂದಿಟ್ಟುಕೊಂಡು ಮಾಡುವ ಲೆಕ್ಕಕ್ಕೆ ಕಾನ್‌ಸ್ಟಂಟ್ ಕರೆನ್ಸಿ ಎನ್ನುತ್ತಾರೆ. ಐ.ಟಿ. ಕಂಪನಿಯ ಷೇರು ಇಟ್ಟುಕೊಂಡವರು ಮೊದಲು ಹುಡುಕಬೇಕಾದ ಅಂಕಿ ಇದು. ಆ ಲೆಕ್ಕದಲ್ಲಿ ವರ್ಷದ ಬೆಳವಣಿಗೆ ಶೇ 16 ಅಲ್ಲ, ಶೇ 8.8. ಹಿಂದಿನ ಮೂರು ತಿಂಗಳಿಗೆ ಹೋಲಿಸಿದರೆ ಶೇ 3.2ರ ಇಳಿಕೆ. ದೊಡ್ಡ ಐ.ಟಿ. ಕಂಪನಿಯ ಆದಾಯ ಒಂದು ತ್ರೈಮಾಸಿಕದಲ್ಲಿ ಇಷ್ಟು ಇಳಿಯುವುದು ಅಪರೂಪ.

ಇಷ್ಟಕ್ಕೇ ಬಿತ್ತೇ, ಬೇರೆ ಕಾರಣವೂ ಇತ್ತೇ?

ಬೇರೆಯದೇ ದೊಡ್ಡದು. ಫಲಿತಾಂಶದ ಜೊತೆ ಇನ್ಫೊಸಿಸ್ ಮುಂದಿನ ಹಣಕಾಸು ವರ್ಷದಲ್ಲಿ ಆದಾಯ ಎಷ್ಟು ಬೆಳೆಯಬಹುದು ಎಂಬ ಮುನ್ನಂದಾಜನ್ನೂ ಕೊಡುತ್ತದೆ. ಮಾರುಕಟ್ಟೆಯಲ್ಲಿ ಎಲ್ಲರೂ ಇದನ್ನು ಗೈಡೆನ್ಸ್ ಎಂದೇ ಕರೆಯುತ್ತಾರೆ. ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ, ಟಿಸಿಎಸ್ ಕೊಡುವುದಿಲ್ಲ. ಆ ಸಂಜೆ ಇನ್ಫೊಸಿಸ್ ಹೇಳಿದ್ದು: 2023–24ರಲ್ಲಿ ಕಾನ್‌ಸ್ಟಂಟ್ ಕರೆನ್ಸಿ ಲೆಕ್ಕದಲ್ಲಿ ಶೇ 4ರಿಂದ 7ರಷ್ಟು ಬೆಳವಣಿಗೆ. ಆಗಷ್ಟೇ ಮುಗಿದ ವರ್ಷದಲ್ಲಿ ಅದು ಶೇ 15.4ರಷ್ಟು ಬೆಳೆದಿತ್ತು. ಅಂದರೆ ಓಟ ಅರ್ಧಕ್ಕಿಂತ ಕೆಳಗಿಳಿಯಲಿದೆ ಎಂದು ಕಂಪನಿಯೇ ಬಾಯಿಬಿಟ್ಟು ಹೇಳಿತು.

ಆ ಶೇ 15.4ರಲ್ಲೂ ಒಂದು ಹುಳುಕಿತ್ತು. ಮೂರು ತಿಂಗಳ ಹಿಂದೆ, ಜನವರಿಯಲ್ಲಿ, ಇದೇ ಕಂಪನಿ ಇಡೀ ವರ್ಷದ ಅಂದಾಜನ್ನು ಶೇ 16ರಿಂದ 16.5ಕ್ಕೆ ಏರಿಸಿತ್ತು. ಶೇ 16ಕ್ಕೂ 15.4ಕ್ಕೂ ಇರುವ ಅಂತರ ಪುಟ್ಟದೆನಿಸುತ್ತದೆ. ಆದರೆ ಅಂದಾಜು ಹೇಳಿದಾಗ ವರ್ಷದ ಮುಕ್ಕಾಲು ಭಾಗ ಮುಗಿದು ಅದರ ಲೆಕ್ಕ ಕೈಯಲ್ಲಿತ್ತು. ಹಾಗಾಗಿ ಕೊರತೆಯಷ್ಟೂ ಕೊನೆಯ ಮೂರು ತಿಂಗಳ ತಲೆಗೇ ಬಂತು. ವರ್ಷದ ಮೇಲೆ ಶೇ 0.6ರಷ್ಟು ಕಾಣುವ ಕೊರತೆ ಒಂದು ತ್ರೈಮಾಸಿಕದ ಆದಾಯದಲ್ಲಿ ಸುಮಾರು ಶೇ 2ರಷ್ಟಾಗುತ್ತದೆ, ಅದೂ ಕಂಪನಿಯೇ ಹೇಳಿದ ಅಂದಾಜಿನ ಕೆಳಮಟ್ಟಕ್ಕೆ ಹೋಲಿಸಿದಾಗ. ಒಂದಷ್ಟು ಗ್ರಾಹಕರು ನಡೆಯುತ್ತಿದ್ದ ಯೋಜನೆಗಳನ್ನು ದಿಢೀರ್ ಮೊಟಕುಗೊಳಿಸಿದರು, ಹೊಸ ಕೆಲಸದ ತೀರ್ಮಾನಗಳನ್ನು ಮುಂದೂಡಿದರು ಎಂದು ಕಂಪನಿ ವಿವರಿಸಿತು. ಆ ಮಾರ್ಚ್‌ನಲ್ಲೇ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತ್ತು, ಅಲ್ಲಿನ ಬ್ಯಾಂಕುಗಳೆಲ್ಲ ಖರ್ಚಿಗೆ ಕೈ ಹಿಡಿದಿದ್ದವು. ಇನ್ಫೊಸಿಸ್ ಆದಾಯದ ಕಾಲು ಭಾಗಕ್ಕೂ ಹೆಚ್ಚು ಬರುವುದು ಬ್ಯಾಂಕು, ವಿಮೆ ಮುಂತಾದ ಹಣಕಾಸು ಕ್ಷೇತ್ರದಿಂದ.

ನನ್ನ ಮಟ್ಟಿಗೆ ಆ ದಿನದ ಅತಿ ಮುಖ್ಯ ಸಂಗತಿ ಇದು. ಮೂರೇ ತಿಂಗಳ ಮುಂದಿನದನ್ನು ಕಂಪನಿಯೇ ಸರಿಯಾಗಿ ಅಂದಾಜಿಸಲಾಗಲಿಲ್ಲ ಎಂದಾದರೆ, ಅದು ಹೇಳುವ ವರ್ಷದ ಅಂದಾಜನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಅನುಮಾನ ಎಲ್ಲರಿಗೂ ಬಂತು. ಅನುಮಾನ ಹುಟ್ಟಿದ ಕಡೆ ಬೆಲೆ ನಿಲ್ಲುವುದಿಲ್ಲ.

ಅಂದಾಜಿಗಿಂತ ಕಡಿಮೆಯಾದ ಲಾಭ 500 ಕೋಟಿಯ ಆಸುಪಾಸು ಮಾತ್ರ. ಅದಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಮೌಲ್ಯ ಕರಗುವುದು ಅನ್ಯಾಯವಲ್ಲವೇ?

ಷೇರಿಗೆ 130 ರೂಪಾಯಿ ಇಳಿಕೆ, ಸುಮಾರು 414 ಕೋಟಿ ಷೇರುಗಳು. ಗುಣಿಸಿದರೆ ಅಂದು ಕರಗಿದ ಮಾರುಕಟ್ಟೆ ಮೌಲ್ಯ ಸುಮಾರು 54 ಸಾವಿರ ಕೋಟಿ ರೂಪಾಯಿ. ಒಂದು ತ್ರೈಮಾಸಿಕದ ಕೊರತೆಗೆ ಇದು ವಿಪರೀತವಾಗಿ ಕಾಣುತ್ತದೆ. ಆದರೆ ಕರಗಿದ್ದು ಆ ಮೂರು ತಿಂಗಳ ಹಣವಲ್ಲ, ಮುಂದಿನ ವರ್ಷಗಳ ನಂಬಿಕೆ. ಇದನ್ನು ಕೈಯಾರೆ ಲೆಕ್ಕ ಹಾಕಿ ನೋಡಬಹುದು.

2022–23ರಲ್ಲಿ ಇನ್ಫೊಸಿಸ್ ಷೇರೊಂದಕ್ಕೆ ಗಳಿಸಿದ ಲಾಭ, ಅಂದರೆ ಇಪಿಎಸ್, 57.63 ರೂಪಾಯಿ. ಈ ಗಳಿಕೆ ವರ್ಷಕ್ಕೆ ಶೇ 12ರಂತೆ ಬೆಳೆಯುತ್ತದೆಂದು ಒಬ್ಬರು ನಂಬಿದ್ದರು ಎಂದುಕೊಳ್ಳಿ. ಐದು ವರ್ಷದ ಕೊನೆಗೆ ಅದು ಸುಮಾರು 102 ರೂಪಾಯಿ ಆಗಬೇಕು. ಈಗ ಅವರು ಮನಸ್ಸು ಬದಲಿಸಿ ಶೇ 6 ಎಂದು ಎಣಿಸಿದರೆ ಅದು ಸುಮಾರು 77 ರೂಪಾಯಿಗೆ ನಿಲ್ಲುತ್ತದೆ. ಶೇ 12 ಮತ್ತು 6 ನಾನು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಇಂದಿನ ಲಾಭದಲ್ಲಿ ಒಂದು ಪೈಸೆಯೂ ಬದಲಾಗಿಲ್ಲ, ಆದರೂ ಐದನೇ ವರ್ಷದ ಗಳಿಕೆಯ ಕಾಲು ಭಾಗ ಮಾಯವಾಯಿತು. ಅದರ ಮುಂದೆ ಶೇ 9ರ ಕುಸಿತ ಹುಚ್ಚಾಟವಾಗಿ ಕಾಣುವುದಿಲ್ಲ.

ಇದೇ ವಿಷಯವನ್ನು ಪಿಇ ಅನುಪಾತದಲ್ಲೂ ನೋಡಬಹುದು. ಬೆಲೆಯನ್ನು ಇಪಿಎಸ್‌ನಿಂದ ಭಾಗಿಸಿದರೆ ಬರುವುದು ಪಿಇ, ಒಂದು ರೂಪಾಯಿ ಲಾಭಕ್ಕೆ ಜನ ಎಷ್ಟು ರೂಪಾಯಿ ಕೊಡುತ್ತಿದ್ದಾರೆ ಎಂಬ ಲೆಕ್ಕ. ಗುರುವಾರ 1,389 ಭಾಗಿಸು 57.63, ಅಂದರೆ 24ಕ್ಕಿಂತ ತುಸು ಹೆಚ್ಚು. ಸೋಮವಾರದ ಕೊನೆಗೆ 22ಕ್ಕಿಂತ ತುಸು ಕಡಿಮೆ. ಇಡೀ ವರ್ಷದ ಲಾಭ ಹೆಚ್ಚುಕಡಿಮೆ ನಿರೀಕ್ಷೆಯ ಹತ್ತಿರವೇ ಇತ್ತು, ಬದಲಾದದ್ದು ಆ ಲಾಭಕ್ಕೆ ಜನ ಕೊಡಲು ಸಿದ್ಧರಿದ್ದ ದರ. ಪಿಇ ಎತ್ತರದಲ್ಲಿದ್ದಷ್ಟೂ ಸಣ್ಣ ನಿರಾಸೆಗೂ ಷೇರು ಜೋರಾಗಿ ಬೀಳುತ್ತದೆ. 60, 70ರ ಪಿಇಗೆ ಕೊಂಡ ಷೇರಿನ ಫಲಿತಾಂಶ ಬರೀ ಚೆನ್ನಾಗಿದ್ದರೆ ಸಾಲದು.

ಗೊತ್ತಿದ್ದವರು ಮೊದಲೇ ಮಾರಿ ನಮ್ಮನ್ನು ಸಿಲುಕಿಸಿದರೇ?

ಈ ಪ್ರಸಂಗದಲ್ಲಿ ಹಾಗೆ ಹೇಳಲು ಆಧಾರವಿಲ್ಲ. ಮೊದಲೇ ಗೊತ್ತಿದ್ದು ಮಾರಿದ್ದರೆ ಗುರುವಾರಕ್ಕಿಂತ ಮುಂಚೆಯೇ ಬೆಲೆ ಕುಸಿಯಬೇಕಿತ್ತು, ಸೋಮವಾರ ಇಷ್ಟು ದೊಡ್ಡ ಹೊಡೆತ ಬೀಳುತ್ತಿರಲಿಲ್ಲ. ಫಲಿತಾಂಶದ ಒಳಸುದ್ದಿ ತಿಳಿಯಬಲ್ಲ ನೌಕರರು, ನಿರ್ದೇಶಕರು ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಕಳೆಯುವವರೆಗೆ ಕಂಪನಿಯ ಷೇರು ಮುಟ್ಟುವಂತಿಲ್ಲ ಎಂಬುದು ಸೆಬಿಯ ನಿಯಮ.

ಇದಕ್ಕಿಂತ ಬೇರೆ ಬಗೆಯ ಕುಸಿತವೂ ಉಂಟು. ಫಲಿತಾಂಶ ಭರ್ಜರಿಯಾಗಿರುತ್ತದೆ ಎಂದು ಎಲ್ಲರೂ ವಾರಗಟ್ಟಲೆ ಮೊದಲೇ ಕೊಂಡು ಬೆಲೆ ಏರಿಸಿರುತ್ತಾರೆ. ನಿರೀಕ್ಷಿಸಿದಂತೆಯೇ ಬಂದಾಗ ಹೊಸದಾಗಿ ಕೊಳ್ಳುವವರು ಉಳಿದಿರುವುದಿಲ್ಲ, ಲಾಭ ಮಾಡಿಕೊಂಡು ಹೊರಹೋಗುವವರೇ ಹೆಚ್ಚು. ಫಲಿತಾಂಶಕ್ಕೆ ಮುಂಚಿನ ಒಂದು ತಿಂಗಳ ಬೆಲೆಯ ಚಿತ್ರ ನೋಡಿದರೆ ಇದು ತಿಳಿಯುತ್ತದೆ.

ಸ್ಟಾಪ್ ಲಾಸ್ ಹಾಕಿದ್ದರೆ ಬಚಾವಾಗುತ್ತಿದ್ದೆನೇ?

ಇಲ್ಲ, ಇದು ಹೊಸಬರು ತಿಳಿಯಲೇಬೇಕಾದ ಮಿತಿ. 1,350 ರೂಪಾಯಿಗೆ ಸ್ಟಾಪ್ ಲಾಸ್ ಇಟ್ಟಿದ್ದೀರಿ ಎಂದುಕೊಳ್ಳಿ. ಗುರುವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಇಲ್ಲಿ ವಹಿವಾಟೇ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ ಪಟ್ಟಿಯಾಗಿರುವ ಇನ್ಫೊಸಿಸ್ ಎಡಿಆರ್ ಆ ಗುರುವಾರ ರಾತ್ರಿಯೇ ಬಿದ್ದಿತ್ತು, ಆದರೆ ನಮ್ಮ ಪೇಟೆ ಮುಚ್ಚಿತ್ತು. ಸೋಮವಾರ ಷೇರು 1,389ರಿಂದ ಮೆಟ್ಟಿಲಿಳಿದಂತೆ ಇಳಿಯಲಿಲ್ಲ, 1,350ನ್ನು ಮುಟ್ಟದೆ ಅದಕ್ಕಿಂತ ಬಹಳ ಕೆಳಗೇ ತೆರೆಯಿತು. ಸ್ಟಾಪ್ ಲಾಸ್ ಜೊತೆ ಮಾರ್ಕೆಟ್ ಆರ್ಡರ್ ಇದ್ದರೆ ಆ ಕೆಳಗಿನ ಬೆಲೆಗೆ ಮಾರಾಟವಾಗುತ್ತಿತ್ತು. ಲಿಮಿಟ್ ಆರ್ಡರ್ ಇದ್ದರೆ ಮಾರಾಟವೇ ಆಗದೆ ಉಳಿಯುತ್ತಿತ್ತು. ಫಲಿತಾಂಶದ ರಾತ್ರಿಯ ಅಪಾಯಕ್ಕೆ ಸ್ಟಾಪ್ ಲಾಸ್ ಮದ್ದಲ್ಲ. ಒಂದೇ ಷೇರಿನಲ್ಲಿ ಎಷ್ಟು ಹಣ ಇಟ್ಟಿದ್ದೀರಿ ಎಂಬುದೇ ನಷ್ಟದ ಗಾತ್ರವನ್ನು ಮೊದಲೇ ನಿರ್ಧರಿಸಿರುತ್ತದೆ. ಸಾಲ ತಂದ ಹಣ ಅಥವಾ ಮಗಳ ಕಾಲೇಜು ಶುಲ್ಕದ ಹಣ ಆ ರಾತ್ರಿ ಅಲ್ಲಿ ಇರಬಾರದು.

17.50 ರೂಪಾಯಿ ಲಾಭಾಂಶ ಘೋಷಿಸಿತಲ್ಲ, ಅದು ಬೆಲೆಯನ್ನು ತಡೆಯಲಿಲ್ಲವೇ?

130 ರೂಪಾಯಿ ಕಳೆದ ದಿನ 17.50 ಯಾವ ಲೆಕ್ಕ? ಲಾಭಾಂಶ ಕಂಪನಿಯ ತಿಜೋರಿಯಿಂದಲೇ ಹೊರಡುವ ಹಣವಾದ್ದರಿಂದ ಎಕ್ಸ್ ಡಿವಿಡೆಂಡ್ ದಿನ ಬೆಲೆ ಸಾಮಾನ್ಯವಾಗಿ ಅಷ್ಟರ ಮಟ್ಟಿಗೆ ಇಳಿದೇ ಆರಂಭವಾಗುತ್ತದೆ. ಆ ಇಳಿಕೆಯನ್ನು ಫಲಿತಾಂಶದ ಇಳಿಕೆಯೆಂದು ಗೊಂದಲ ಮಾಡಿಕೊಳ್ಳಬೇಡಿ.

ಕೊನೆಗೆ ಮಾರುಕಟ್ಟೆಯ ಲೆಕ್ಕ ಸರಿಯಾಗಿತ್ತೇ?

ಬೆಳವಣಿಗೆಯ ವಿಷಯದಲ್ಲಿ ಸರಿಯಾಗಿತ್ತು, ಇನ್ನೂ ಹೇಳಬೇಕೆಂದರೆ ಸಾಲದಾಗಿತ್ತು. ಜುಲೈ 2023ರಲ್ಲಿ ಇನ್ಫೊಸಿಸ್ ಶೇ 4–7ರ ಅಂದಾಜನ್ನು 1–3.5ಕ್ಕೆ ಇಳಿಸಿತು, ಷೇರು ಮತ್ತೆ ಬಿತ್ತು. ಅಕ್ಟೋಬರ್‌ನಲ್ಲಿ 1–2.5 ಆಯಿತು. ವರ್ಷ ಮುಗಿದಾಗ ಬೆಳವಣಿಗೆ ಶೇ 1.4. ಏಪ್ರಿಲ್‌ನಲ್ಲಿ ಬೆಲೆ ಇಳಿದಿದೆ, ಅಗ್ಗ ಎಂದು ಕೈಯಲ್ಲಿದ್ದಷ್ಟೂ ಹಣ ಸುರಿದವರು ಜುಲೈನಲ್ಲಿ ಎರಡನೇ ಪೆಟ್ಟು ತಿಂದರು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಜುಲೈ 2024ರಲ್ಲಿ ಕಂಪನಿ ಆ ವರ್ಷದ ಅಂದಾಜನ್ನು ಶೇ 1–3ರಿಂದ 3–4ಕ್ಕೆ ಏರಿಸಿತು. ಮರುದಿನ ಪೇಟೆಯೇ ಕುಸಿಯುತ್ತಿದ್ದರೂ ಇನ್ಫೊಸಿಸ್ ಷೇರು ಏರಿತು. ಗಮನಿಸಿ: ಶೇ 4–7 ಎಂದಾಗ ಬಿದ್ದ ಷೇರು ಶೇ 3–4 ಎಂದಾಗ ಏರಿದೆ. ಮೊದಲ ಸಲ ಜನ ಹೆಚ್ಚು ಎಣಿಸಿದ್ದರು, ಎರಡನೇ ಸಲ ಕಡಿಮೆ ಎಣಿಸಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಷೇರು 1,900 ರೂಪಾಯಿ ದಾಟಿತ್ತು. ಏಪ್ರಿಲ್ 17ರ ಬೆಳಿಗ್ಗೆ ಗಾಬರಿಯಿಂದ ಮಾರಿದವರು ಬೆಳವಣಿಗೆಯ ಲೆಕ್ಕದಲ್ಲಿ ಗೆದ್ದರೂ ಬೆಲೆಯ ಲೆಕ್ಕದಲ್ಲಿ ಸೋತರು. ಒಂದು ದಿನದ ಕುಸಿತಕ್ಕೆ ಕಾರಣ ತಿಳಿಯಿತು ಎಂದ ಮಾತ್ರಕ್ಕೆ ಮುಂದಿನ ಬೆಲೆ ತಿಳಿದಂತಲ್ಲ.

ಹಾಗಾದರೆ ಮುಂದಿನ ಫಲಿತಾಂಶದ ದಿನ ನಾನು ಏನು ಓದಲಿ?

ಫಲಿತಾಂಶಕ್ಕೆ ಮುಂಚೆಯೇ ಎರಡು ಅಂಕಿ ಬರೆದಿಡಿ: ವಿಶ್ಲೇಷಕರ ಸರಾಸರಿ ಅಂದಾಜು ಮತ್ತು ಹಿಂದಿನ ತ್ರೈಮಾಸಿಕದ ನಿಜವಾದ ಆದಾಯ, ಲಾಭ. ಮೊದಲನೆಯದು ವಾಣಿಜ್ಯ ಪತ್ರಿಕೆಗಳ ಫಲಿತಾಂಶ ಮುನ್ನೋಟದಲ್ಲಿ ಸಿಗುತ್ತದೆ, ಎರಡನೆಯದು ಬಿಎಸ್ಇ ಅಥವಾ ಎನ್ಎಸ್ಇ ಜಾಲತಾಣದಲ್ಲಿ ಕಂಪನಿಯ ಹೆಸರಿನಡಿ. ಫಲಿತಾಂಶ ಬಂದ ಸಂಜೆ ಟಿ.ವಿ.ಯ ಶೀರ್ಷಿಕೆಗೆ ನಿಲ್ಲದೆ ಅಲ್ಲೇ ಹಾಕಿರುವ ಪತ್ರಿಕಾ ಪ್ರಕಟಣೆ ತೆರೆದು ಮುನ್ನಂದಾಜಿನ ಸಾಲು ಹುಡುಕಿ, ಹಿಂದಿನ ಸಲ ಏನು ಹೇಳಿದ್ದರು ಎಂಬುದರ ಪಕ್ಕದಲ್ಲಿಟ್ಟು ನೋಡಿ. ಲಾಭ ಏರಿದ್ದರೆ ಅದು ವ್ಯಾಪಾರದಿಂದ ಬಂತೋ, ಜಮೀನು ಮಾರಿದ್ದರಿಂದಲೋ ತೆರಿಗೆ ಮರುಪಾವತಿಯಿಂದಲೋ ಬಂತೋ ಎಂದು ‘ಇತರ ಆದಾಯ’ ಮತ್ತು ‘ಅಸಾಧಾರಣ ಬಾಬ್ತು’ ಸಾಲುಗಳಲ್ಲಿ ತಿಳಿಯುತ್ತದೆ. ಅಂಥ ಲಾಭ ಮುಂದಿನ ವರ್ಷ ಬರುವುದಿಲ್ಲ, ಮಾರುಕಟ್ಟೆ ಅದಕ್ಕೆ ಬೆಲೆ ಕೊಡುವುದೂ ಇಲ್ಲ.

ಆಮೇಲೆ ವಿಶ್ಲೇಷಕರ ಜೊತೆಗಿನ ಮಾತುಕತೆಯ ಲಿಖಿತ ಪ್ರತಿ ಬರುವವರೆಗೆ ಕಾಯಿರಿ. ಕೆಲವು ದಿನಗಳಲ್ಲಿ ಅದೂ ಅಲ್ಲೇ ಸಿಗುತ್ತದೆ. ಉದ್ದವಾಗಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ, ಆದರೂ ಕೊನೆಯ ಅರ್ಧ, ಅಂದರೆ ಪ್ರಶ್ನೋತ್ತರದ ಭಾಗವನ್ನಾದರೂ ಓದಿ. ಒಂದೇ ವಿಷಯವನ್ನು ಮೂರು ನಾಲ್ಕು ವಿಶ್ಲೇಷಕರು ಬೇರೆ ಬೇರೆ ಮಾತಿನಲ್ಲಿ ಕೇಳಿ, ಪ್ರತಿ ಸಲವೂ ಉತ್ತರ ಅಂಕಿಯಿಲ್ಲದೆ ಜಾರಿಕೊಂಡಿದ್ದರೆ ಷೇರು ಬಿದ್ದ ಕಾರಣ ಬಹುಪಾಲು ಅಲ್ಲೇ ಇರುತ್ತದೆ. ಅದು ಒಂದು ತ್ರೈಮಾಸಿಕದಲ್ಲಿ ಸರಿಹೋಗುವ ತೊಂದರೆಯೋ, ನೀವು ಈ ಷೇರು ಕೊಳ್ಳಲು ಇದ್ದ ಕಾರಣವನ್ನೇ ಅಲುಗಾಡಿಸುವಂಥದ್ದೋ ಎಂದು ಆಗ ಕುಳಿತು ಯೋಚಿಸಿ ತೀರ್ಮಾನಿಸಬಹುದು. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೇ ಅದನ್ನು ತೀರ್ಮಾನಿಸಬೇಕೆಂದೇನೂ ಇಲ್ಲ.